ರೈಲು ಬಂತಾ? ಇನ್ನೂ ಬಂದಿಲ್ಲ

ಪ್ರಶ್ನೆ: ನಾನೊಂದು ಸಣ್ಣ ಕಥೆ ಬರೀತಿದ್ದೀನಿ ಸರ್. ಸವಿತಾ ಅಂತ ಹುಡುಗಿ, ಮಂಡ್ಯದವಳು. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ನರ್ಸ್. ದಿನಾ ರೈಲಲ್ಲಿ ಹೋಗ್ತಾ ಬರ್ತಾ ಜಪಾನಿ ಕಲೀತಾಳೆ, ಡಿಸೆಂಬರ್‌ನಲ್ಲಿ ಎನ್4 ಪರೀಕ್ಷೆ, ಅಂದ್ರೆ ಜಪಾನಿ ಭಾಷಾ ಪರೀಕ್ಷೆಯ ಕೆಳಗಿಂದ ಎರಡನೇ ಹಂತ. ಆದರೆ ಎಷ್ಟು ಬರೆದರೂ ‘ಅವಳು ಜಪಾನಿ ಪದಗಳನ್ನು ಗುನುಗುತ್ತಾ ಕೂತಿದ್ದಳು’ ಅನ್ನೋದನ್ನ ಬಿಟ್ಟು ಮುಂದೆ ಹೋಗ್ತಿಲ್ಲ. ನಿಜವಾಗ್ಲೂ ಅವಳು ಏನು ಕಲೀತಿರ್ತಾಳೆ? ಎಲ್ಲಿ ತಪ್ಪು ಮಾಡ್ತಾಳೆ? ಕನ್ನಡದವಳು ಅನ್ನೋದರಿಂದ ಏನಾದ್ರೂ ವ್ಯತ್ಯಾಸ ಇದೆಯಾ? ಕೊನೆಯಲ್ಲಿ ಪಾಸ್ ಮಾಡಿಸಬೇಕೋ ಫೇಲ್ ಮಾಡಿಸಬೇಕೋ ಅದೂ ಗೊತ್ತಾಗ್ತಿಲ್ಲ.

ಉತ್ತರ: ಮೊದಲು ‘ಗುನುಗುತ್ತಾ ಕೂತಿದ್ದಳು’ ಅನ್ನುವ ಸಾಲಿನಲ್ಲಿರುವ ‘ಕೂತಿದ್ದಳು’ ನೋಡೋಣ. ಸಂಜೆ ಅವಳಿಗೆ ಸೀಟು ಸಿಗುವುದಿಲ್ಲ. ಬೆಂಗಳೂರಿನಿಂದ ಬರುವ ರೈಲು ಮಂಡ್ಯಕ್ಕೆ ಬರುವಷ್ಟರಲ್ಲಿ ತುಂಬಿಹೋಗಿರುತ್ತದೆ. ಅವಳು ಬಾಗಿಲ ಹತ್ತಿರ, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಊಟದ ಡಬ್ಬಿಯ ಬ್ಯಾಗು ಹಿಡಿದು ನಿಂತಿರುತ್ತಾಳೆ. ಪುಸ್ತಕ ತೆಗೆಯುವ ಹಾಗಿಲ್ಲ. ಅವಳ ಹತ್ತಿರ ಇರುವುದು ಕಿವಿ ಮಾತ್ರ. ಬೆಳಿಗ್ಗೆ ಇದು ಪೂರಾ ಉಲ್ಟಾ. ಮೈಸೂರಿನಲ್ಲೇ ಹೊರಡುವ ರೈಲು, ಕಿಟಕಿ ಪಕ್ಕದ ಸೀಟೇ ಸಿಗುತ್ತದೆ. ತೊಡೆ ಮೇಲೆ ನೋಟ್‌ಬುಕ್ ಇಟ್ಟು ಬರೆಯಬಹುದು. ಆದರೆ ಹನ್ನೆರಡು ಗಂಟೆ ಡ್ಯೂಟಿ ಮುಗಿಸಿ ಬಂದ ಕಣ್ಣು ನಾಗನಹಳ್ಳಿ ದಾಟುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ. ಎಚ್ಚರ ಇರುವಾಗ ಕೈ ಖಾಲಿ ಇಲ್ಲ, ಕೈ ಖಾಲಿ ಇರುವಾಗ ಎಚ್ಚರ ಇಲ್ಲ. ರಾತ್ರಿ ಪಾಳಿಯವರು ಭಾಷೆ ಕಲಿಯುವಾಗ ಇರುವ ನಿಜವಾದ ಕಷ್ಟ ಇದು. ನಿಮ್ಮ ಕಥೆಗೆ ಬೇಕಾದ ಎಳೆಯೂ ಇಲ್ಲೇ ಇದೆ ಅಂತ ನನಗನಿಸುತ್ತದೆ.

ಮೈಸೂರಿನಲ್ಲಿ ಜಪಾನಿ ಹೇಳಿಕೊಡುತ್ತಾ ನನಗೆ ಎಷ್ಟೋ ವರ್ಷ ಆಯಿತು. ನರ್ಸುಗಳು, ಫ್ಯಾಕ್ಟರಿ ಹುಡುಗರು, ನೈಟ್ ಶಿಫ್ಟಿನವರು ತುಂಬಾ ಜನ ಬಂದಿದ್ದಾರೆ. ನರ್ಸುಗಳು ಎನ್4 ಬೇಕು ಅಂತ ಬರುವುದಕ್ಕೆ ಕಾರಣವೂ ಇದೆ. 2019ರಲ್ಲಿ ಜಪಾನ್ ಶುರು ಮಾಡಿದ ‘ತೊಕುತೇ ಗಿನೋ’ ಎಂಬ ವೀಸಾದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸವೂ ಇದೆ. ಅದಕ್ಕೆ ಕೇಳುವ ಭಾಷೆಯ ಮಟ್ಟ ಹೆಚ್ಚುಕಡಿಮೆ ಎನ್4. ಅದರ ಜೊತೆಗೆ ಆ ಕೆಲಸದ ಪರೀಕ್ಷೆ ಬೇರೆ ಇರುತ್ತದೆ. ಕಥೆಯಲ್ಲಿ ಇದಕ್ಕೆ ಒಂದು ಸಾಲು ಸಾಕು. ಓದುವವರಿಗೆ ‘ಯಾಕೆ’ ಅನ್ನುವುದು ಗೊತ್ತಾದರೆ ಆಯಿತು.

ಇನ್ನು ಅವಳು ಕಲಿಯುವುದು ಏನು ಅನ್ನುವ ಪ್ರಶ್ನೆ. ಎನ್4 ಹಂತದಲ್ಲಿ ಹಗಲೂ ರಾತ್ರಿ ಕಾಡುವ ‘ತೆ’ ರೂಪ ಅಂತ ಒಂದು ಇದೆ. ಕ್ರಿಯಾಪದದ ಕೊನೆಗೆ ‘ತೆ’, ಕೆಲವು ಕಡೆ ‘ದೆ’ ಬರುತ್ತದೆ, ಮಾತು ಮುಗಿಯದೆ ಮುಂದಕ್ಕೆ ಜೋಡಿಸಿಕೊಳ್ಳುತ್ತದೆ. ನಮ್ಮ ‘ಹೋಗಿ’, ‘ಹತ್ತಿ’, ‘ತಿಂದು’, ‘ಬಂದು’ ಇವೆಯಲ್ಲ, ಸರಿಯಾಗಿ ಅದೇ ಕೆಲಸ. ‘ಎಕಿ ನಿ ಇತ್ತೆ, ದೆನ್ಶ ನಿ ನೊತ್ತೆ’ ಅಂದರೆ ‘ಸ್ಟೇಷನ್‌ಗೆ ಹೋಗಿ, ರೈಲಿಗೆ ಹತ್ತಿ’. ಎಕಿ ಅಂದರೆ ಸ್ಟೇಷನ್, ದೆನ್ಶ ಅಂದರೆ ರೈಲು, ‘ನಿ’ ಅಂದರೆ ನಮ್ಮ ‘ಗೆ’. ಪದಗಳ ಸಾಲು ಕೂಡ ಹಾಗ್‌ಹಾಗೇ ಇದೆ ನೋಡಿ. ಇಂಗ್ಲಿಷಿನಲ್ಲಿ ಹೇಳಬೇಕಾದರೆ ಇಡೀ ವಾಕ್ಯ ತಿರುಗಿಸಬೇಕು. ಕನ್ನಡದಲ್ಲಿ ಏನೂ ತಿರುಗಿಸಬೇಕಾಗಿಲ್ಲ.

ಜೋಡಿಸುವ ರೀತಿಯೂ ಒಂದೇ. ತಿಂದು ನೋಡು ಅನ್ನುವುದಕ್ಕೆ ಅವರು ‘ತಬೆತೆ ಮಿರು’ ಅನ್ನುತ್ತಾರೆ. ತಬೆತೆ ಅಂದರೆ ತಿಂದು, ಮಿರು ಅಂದರೆ ನೋಡು. ಕಣ್ಣಿಂದ ನೋಡುವುದಕ್ಕೂ ರುಚಿ ನೋಡುವುದಕ್ಕೂ ನಮ್ಮ ಹಾಗೆ ಒಂದೇ ಪದ. ಮರೆತುಬಿಟ್ಟೆ ಅನ್ನುವುದಕ್ಕೆ ‘ವಸುರೆತೆ ಶಿಮತ್ತ’. ವಸುರೆತೆ ಅಂದರೆ ಮರೆತು, ಶಿಮತ್ತ ನಮ್ಮ ‘ಬಿಟ್ಟೆ’. ಆಮೇಲೆ ‘ಕಿಕು’ ಅಂತ ಒಂದು ಪದ. ಅದಕ್ಕೆ ಕೇಳಿಸಿಕೊಳ್ಳುವುದು, ಪ್ರಶ್ನೆ ಕೇಳುವುದು ಎರಡೂ ಅರ್ಥ ಇದೆ. ಇಂಗ್ಲಿಷ್ ಪುಸ್ತಕ ಇದನ್ನು ಎರಡು ಸಾಲಿನಲ್ಲಿ ವಿವರಿಸುತ್ತದೆ. ಮಂಡ್ಯದ ಹುಡುಗಿಗೆ ‘ಕೇಳು’ ಅಂದರೆ ಮುಗೀತು.

ನಿಮ್ಮ ಸವಿತಾ ನರ್ಸ್ ಆದ್ದರಿಂದ ಒಂದು ಪದ ಅವಳ ಕಿವಿಗೆ ಬೇರೆ ಥರ ಬೀಳುತ್ತದೆ. ‘ನೊಮು’ ಅಂದರೆ ಕುಡಿ. ಜಪಾನಿನಲ್ಲಿ ಮಾತ್ರೆಯನ್ನೂ ‘ಕುಡಿಯುತ್ತಾರೆ’. ನೊಮು ‘ತೆ’ ರೂಪಕ್ಕೆ ಬಂದಾಗ ‘ನೊಂದೆ’ ಆಗುತ್ತದೆ. ‘ಕುಸುರಿ ಒ ನೊಂದೆ ಕುದಸಾಯ್’ ಅಂದರೆ ‘ಔಷಧಿ ತಗೊಳ್ಳಿ’. ಉಚ್ಚಾರಣೆ ನಮ್ಮ ‘ನೊಂದೆ’ಯ ಹಾಗೇ. ನನ್ನ ಹತ್ತಿರ ಕಲಿತ ಒಬ್ಬ ನರ್ಸ್ ಈ ವಾಕ್ಯ ಮೊದಲ ಸಲ ಹೇಳಿದಾಗ ಎರಡು ಕ್ಷಣ ಸುಮ್ನೆ ಆದಳು. ‘ಔಷಧಿ ಕೊಡೋವಾಗೆಲ್ಲ ನೊಂದೆ ಅನ್ಬೇಕಾ ಸೆನ್ಸೇ?’ ಅಂದಳು. ಆಮೇಲೆ ಆ ಪದವನ್ನು ಅವಳು ಒಂದು ದಿನವೂ ಮರೆಯಲಿಲ್ಲ. ನಿಮ್ಮ ಕಥೆಯಲ್ಲಿ ಸವಿತಾ ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಒಬ್ಬ ಅಜ್ಜಿಗೆ ಮಾತ್ರೆ ಕೊಡುವಾಗ ಆ ಪದ ಮನಸ್ಸಿಗೆ ಬಂದರೆ, ಅಲ್ಲಿ ಏನನ್ನೂ ವಿವರಿಸಬೇಡಿ. ಪದವೇ ಸಾಕು.

ಈಗ ತಪ್ಪಿನ ವಿಷಯ. ಅವಳು ಸುಮ್ಮಸುಮ್ಮನೆ ತಪ್ಪು ಮಾಡಿದರೆ ಕಥೆ ನಿಲ್ಲುವುದಿಲ್ಲ. ಕಾರಣ ಇರುವ ತಪ್ಪು ಆಗಬೇಕು. ನಾನು ದಿನಾ ನೋಡುವ ಎರಡನ್ನು ಹೇಳುತ್ತೇನೆ. ಒಂದು ರೈಲಿನಿಂದ ಬರುವುದು. ಇನ್ನೊಂದು ಇಂಗ್ಲಿಷಿನಿಂದ ಬರುವುದು.

ರೈಲಿನದು ಹೀಗೆ. ಈ ಮೂರನ್ನು ಜೋರಾಗಿ ಓದಿ: ಕಿತೆ, ಕೀತೆ, ಕಿತ್ತೆ. ಮೊದಲನೆಯದು ‘ಬಂದು’, ಎರಡನೆಯದು ‘ಕೇಳಿ’, ಮೂರನೆಯದು ‘ಕತ್ತರಿಸಿ’. ಮುಂದೆ ‘ಕುದಸಾಯ್’ ಸೇರಿಸಿದರೆ ‘ಬನ್ನಿ’, ‘ಕೇಳಿ’, ‘ಕತ್ತರಿಸಿ’ ಅಂತ ವಿನಂತಿ ಆಗುತ್ತದೆ. ಕನ್ನಡದಲ್ಲಿ ಬರೆದರೆ ಮೂರೂ ಬೇರೆ ಬೇರೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ನಮಗೆ ಹ್ರಸ್ವ ದೀರ್ಘ ಇದೆ, ಒತ್ತಕ್ಷರ ಇದೆ, ‘ಎ’ ‘ಏ’, ‘ಒ’ ‘ಓ’ ಬೇರೆ ಬೇರೆ ಇವೆ. ಜಪಾನಿಯಲ್ಲಿ ಅರ್ಥ ಬದಲಾಗುವುದು ಇದರ ಮೇಲೇನೇ. ಅದಕ್ಕೇ ನಾನು ಮೊದಲ ದಿನವೇ ಹೇಳುತ್ತೇನೆ, ಜಪಾನಿ ಅಕ್ಷರ ಬರುವ ತನಕ ಕನ್ನಡದಲ್ಲಿ ಬರೆದುಕೊಳ್ಳಿ, ಇಂಗ್ಲಿಷ್ ಅಕ್ಷರದಲ್ಲಿ ಬೇಡ ಅಂತ. ‘ಕಿತೆ’ಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಕಣ್ಣು ಅದನ್ನು ‘ಕೈಟ್’ ಅಂತ ಓದುತ್ತದೆ, ಗಾಳಿಪಟ ಆಗುತ್ತದೆ. ‘ತ’ ಇರುವ ಕಡೆ ನಾಲಿಗೆ ‘ಟ’ ಅನ್ನುತ್ತದೆ.

ಬರೆಯುವುದು ಸುಲಭ ಆಯಿತು. ಆದರೆ ರೈಲಲ್ಲಿ ಕೇಳಿಸಬೇಕಲ್ಲ? ‘ಕೀತೆ’ಯ ದೀರ್ಘ ಒಂದು ಸದ್ದು. ರೈಲು ಎಷ್ಟೇ ಗದ್ದಲ ಮಾಡಿದರೂ ಸದ್ದು ಹೇಗೋ ಕಿವಿಗೆ ತಲುಪುತ್ತದೆ. ‘ಕಿತ್ತೆ’ಯ ಒತ್ತು ಸದ್ದಲ್ಲ, ಅದೊಂದು ತಡೆ. ನಾಲಿಗೆ ಹಲ್ಲಿನ ಹಿಂದೆ ಒತ್ತಿ ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು ಸುಮ್ಮನಿರುತ್ತದೆ, ಆಮೇಲೆ ಬಿಡುತ್ತದೆ. ನಡುವೆ ಇರುವುದು ನಿಶ್ಶಬ್ದ. ಗದ್ದಲದಲ್ಲಿ ಮೊದಲು ಕಳೆದುಹೋಗುವುದು ಆ ನಿಶ್ಶಬ್ದವೇ. ಗಾಲಿಯ ಸದ್ದು ಬಂದು ಆ ಜಾಗ ತುಂಬಿಬಿಡುತ್ತದೆ. ಹಾಗಾಗಿ ರೈಲಲ್ಲಿ ಮಾತ್ರ ಅಭ್ಯಾಸ ಮಾಡುವವರಿಗೆ ದೀರ್ಘ ಚೆನ್ನಾಗಿ ಹಿಡಿಯುತ್ತದೆ, ಒತ್ತು ಹಿಡಿಯುವುದಿಲ್ಲ. ಹೇಗೆ ಗೊತ್ತಾಗುತ್ತದೆ ಅಂದರೆ, ಅವರು ಕೇಳಿ ಬರೆದ ನೋಟ್‌ಬುಕ್ ನೋಡಿದರೆ ಒತ್ತಕ್ಷರಗಳು ಮಾತ್ರ ಬಿಟ್ಟುಹೋಗಿರುತ್ತವೆ, ಬೇರೆಲ್ಲ ಸರಿ ಇರುತ್ತದೆ.

ಇದರಿಂದ ಎಡವಟ್ಟಾಗುವುದು ತಾರೀಖಿನಲ್ಲಿ. ಜಪಾನಿಯಲ್ಲಿ ತಿಂಗಳ 4ನೇ ತಾರೀಖು ‘ಯೊಕ್ಕ’, 8ನೇ ತಾರೀಖು ‘ಯೋಕ’. ಒಂದರಲ್ಲಿ ಒತ್ತು, ಇನ್ನೊಂದರಲ್ಲಿ ದೀರ್ಘ. ಒತ್ತು ಕಳೆದುಹೋದರೆ ಕಿವಿಗೆ ಬೀಳುವುದು ‘ಯೊಕ’, ಅದು ಎರಡೂ ಅಲ್ಲ. ಆಗ ಅವಳು ಊಹೆ ಮಾಡಬೇಕು. ನಿಮ್ಮ ಸವಿತಾ ತನ್ನ ಡ್ಯೂಟಿ ಪಟ್ಟಿಯ ಮೇಲೇ ತಾರೀಖು ಕಲಿಯಲಿ. ಯೊಕ್ಕ ಆಫ್, ಯೋಕ ನೈಟ್. ಮಂಡ್ಯ ಪ್ಲಾಟ್‌ಫಾರಂನ ಕಲ್ಲು ಬೆಂಚಿನ ಮೇಲೆ, ರೈಲು ಬರುವ ಮುಂಚೆ, ಸುತ್ತ ಸ್ವಲ್ಪ ನಿಶ್ಶಬ್ದ ಇರುವಾಗ ಒತ್ತಿನ ಪದಗಳನ್ನು ಕೇಳಲಿ. ರೈಲು ಹತ್ತಿದ ಮೇಲೆ ಸಂಭಾಷಣೆ ಕೇಳಲಿ. ಬುದ್ಧಿವಂತ ಹುಡುಗಿ ಒಂದೆರಡು ತಿಂಗಳಲ್ಲಿ ಇದನ್ನು ತಾನೇ ಕಂಡುಕೊಳ್ಳುತ್ತಾಳೆ. ಮೊದಲೇ ಗೊತ್ತಿತ್ತು ಅಂತ ಬರೆಯಬೇಡಿ.

ಇದರ ಜೊತೆಗೇ ಇನ್ನೊಂದು ಸಣ್ಣ ಸಂಗತಿ. ಶ್ರೀರಂಗಪಟ್ಟಣದ ಎರಡೂ ಕಡೆ ರೈಲು ಕಾವೇರಿ ದಾಟುತ್ತದೆ. ಸೇತುವೆ ಮೇಲೆ ಸದ್ದೇ ಬದಲಾಗುತ್ತದೆ, ಪೊಳ್ಳು ಸದ್ದಾಗಿ ಜೋರಾಗುತ್ತದೆ. ದಿನಾ ಒಂದೇ ರೈಲು, ಮಂಡ್ಯ ಬಿಟ್ಟಾಗ ಶುರು ಮಾಡುವ ಒಂದೇ ಆಡಿಯೋ. ಹಾಗಾಗಿ ದಿನಾ ಹೆಚ್ಚುಕಡಿಮೆ ಒಂದೇ ಮಾತು ಸೇತುವೆಗೆ ಸಿಕ್ಕಿ ಕಳೆದುಹೋಗುತ್ತದೆ. ನನ್ನ ವಿದ್ಯಾರ್ಥಿಯೊಬ್ಬ ಪಾಠದ ಒಂದು ಸಂಭಾಷಣೆ ಪೂರ್ತಿ ಬಾಯಿಪಾಠ ಹೇಳುತ್ತಿದ್ದ, ನಡುವಿನ ಒಂದು ಸಾಲು ಮಾತ್ರ ಬರುತ್ತಿರಲಿಲ್ಲ. ಯಾಕೆ ಅಂತ ಅವನಿಗೂ ಗೊತ್ತಿರಲಿಲ್ಲ. ಒಂದು ದಿನ ರೈಲು ಪಾಂಡವಪುರದಲ್ಲಿ ಕ್ರಾಸಿಂಗ್‌ಗೆ ಅಂತ ನಿಂತಿತು. ಆವತ್ತು ಸೇತುವೆ ಬರುವ ಮುಂಚೆಯೇ ಆ ಸಾಲು ಕೇಳಿಸಿತು.

ಈಗ ಎರಡನೇ ತಪ್ಪು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕಥೆಯ ನಡು ಇದೇ ಆಗಬಹುದು. ಇದರಲ್ಲಿ ನನ್ನ ತಪ್ಪೂ ಇದೆ.

‘ತೆ’ ಮುಂದೆ ‘ಇರು’ ಬರುತ್ತದೆ. ಹೌದು, ಜಪಾನಿಯಲ್ಲೂ ‘ಇರು’ ಅಂದರೆ ಇರುವುದೇ. ಮರ್ಯಾದೆಯಿಂದ ಹೇಳಿದರೆ ‘ಇಮಸು’, ಇಲ್ಲ ಅನ್ನಬೇಕಾದರೆ ‘ಇಮಸೆನ್’. ನಾನು ಮೊದಲ ವರ್ಷಗಳಲ್ಲಿ ಇಂಗ್ಲಿಷ್ ಪುಸ್ತಕ ಇಟ್ಟುಕೊಂಡೇ ಪಾಠ ಮಾಡುತ್ತಿದ್ದೆ. ‘ತೆ ಇರು’ ಅಂದರೆ ಇಂಗ್ಲಿಷಿನ ಐಎನ್‌ಜಿ, ನಡೆಯುತ್ತಾ ಇರುವ ಕೆಲಸ ಅಂತ ಬೋರ್ಡ್ ಮೇಲೆ ಬರೆಯುತ್ತಿದ್ದೆ. ‘ತಬೆತೆ ಇಮಸು’ ಅಂದರೆ ತಿಂತಾ ಇದ್ದಾರೆ. ಸರಿಯಾಗೇ ಇದೆ. ಎಲ್ಲರೂ ಬರೆದುಕೊಂಡರು. ಆಮೇಲೆ ‘ದೆನ್ಶ ಗ ಕಿತೆ ಇಮಸು’ ಅಂತ ಕೊಟ್ಟೆ. ಇಡೀ ಕ್ಲಾಸು ‘ರೈಲು ಬರ್ತಾ ಇದೆ’ ಅಂದಿತು. ಅದು ತಪ್ಪು. ಆ ಮಾತಿನ ಅರ್ಥ ‘ರೈಲು ಬಂದಿದೆ’. ಬಂದು ಇಲ್ಲಿ ನಿಂತಿದೆ.

ನಾನು ಅದನ್ನು ಅಪವಾದ ಅಂತ ಹೇಳಿ ಮುಂದೆ ಹೋಗುತ್ತಿದ್ದೆ. ಒಂದು ದಿನ ಆ ‘ನೊಂದೆ’ ಹುಡುಗಿಯೇ ಕೈ ಎತ್ತಿದಳು. ‘ಸೆನ್ಸೇ, ಕಿತೆ ಅಂದ್ರೆ ಬಂದು ಅಂತ ನೀವೇ ಹೇಳಿದ್ರಿ. ಇಮಸು ಅಂದ್ರೆ ಇದೆ. ಬಂದು ಇದೆ, ಬಂದಿದೆ. ಇದು ಹಾಗ್‌ಹಾಗೇ ಕನ್ನಡ ಅಲ್ವಾ?’ ಅಂದಳು. ನಾನು ಬೋರ್ಡ್ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತೆ. ಅವಳು ಹೇಳಿದ್ದು ಸರಿ ಇತ್ತು. ಕನ್ನಡದಿಂದ ನೇರ ಹೋಗಿದ್ದರೆ ಎರಡು ಹೆಜ್ಜೆ. ನಾನು ಅವರನ್ನು ಇಂಗ್ಲಿಷ್ ಮೇಲೆ ಸುತ್ತುಬಳಸಿ ಕರೆದುಕೊಂಡು ಹೋಗಿ ದಾರಿ ತಪ್ಪಿಸಿದ್ದೆ.

ಹಾಗಂತ ಕನ್ನಡದ ದಾರಿ ಎಲ್ಲ ಕಡೆಗೂ ಹೋಗುವುದಿಲ್ಲ. ‘ತಬೆತೆ ಇಮಸು’ವನ್ನು ಅದೇ ಲೆಕ್ಕದಲ್ಲಿ ‘ತಿಂದಿದ್ದಾರೆ’ ಅಂದರೆ ಸಾಮಾನ್ಯವಾಗಿ ತಪ್ಪಾಗುತ್ತದೆ. ನಮಗೆ ‘ತಿಂತಾ ಇದ್ದಾರೆ’, ‘ತಿಂದಿದ್ದಾರೆ’ ಅಂತ ಎರಡು ರೂಪ ಇವೆ. ಜಪಾನಿಗೆ ಎರಡಕ್ಕೂ ಒಂದೇ ರೂಪ. ಯಾವುದು ಅನ್ನುವುದನ್ನು ಕ್ರಿಯಾಪದ ಹೇಳುತ್ತದೆ. ತಿನ್ನುವುದು, ಓದುವುದು, ನಡೆಯುವುದು ಸ್ವಲ್ಪ ಹೊತ್ತು ಎಳೆಯುವ ಕೆಲಸಗಳು. ಅಲ್ಲಿ ‘ತಾ ಇದ್ದಾರೆ’. ಬರುವುದು, ಏಳುವುದು, ಬಾಗಿಲು ತೆರೆದುಕೊಳ್ಳುವುದು, ಮದುವೆಯಾಗುವುದು ಇವೆಲ್ಲ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವುದು. ಅಲ್ಲಿ ‘ಬಂದಿದ್ದಾರೆ’, ‘ಎದ್ದಿದ್ದಾರೆ’, ‘ತೆರೆದಿದೆ’, ‘ಮದುವೆಯಾಗಿದೆ’. ಸವಿತಾ ವಾರ್ಡಿನಲ್ಲಿ ಬೆಳಗಿನ ಪಾಳಿಯವರಿಗೆ ಓವರ್ ಕೊಡುವಾಗ ‘ಮೂರನೇ ಬೆಡ್‌ನವರು ಮಲಗಿದ್ದಾರೆ, ಐದನೇ ಬೆಡ್‌ನವರು ಎದ್ದಿದ್ದಾರೆ’ ಅನ್ನುತ್ತಾಳಲ್ಲ, ಅದು ಜಪಾನಿಯಲ್ಲಿ ‘ನೆತೆ ಇಮಸು’, ‘ಒಕಿತೆ ಇಮಸು’. ಅವಳು ದಿನಾ ಬೆಳಿಗ್ಗೆ ಹೇಳುವ ಮಾತೇ ಪಾಠ. ಅವಳಿಗೆ ಅದು ಗೊತ್ತಿಲ್ಲ ಅಷ್ಟೇ.

ಇದರಲ್ಲೇ ಇನ್ನೂ ಚೆಂದದ್ದು ಒಂದಿದೆ. ಸ್ಟೇಷನ್‌ನಲ್ಲಿ ಯಾರಾದರೂ ‘ರೈಲು ಬಂತಾ?’ ಅಂತ ಕೇಳಿದರೆ ನಾವು ಏನು ಹೇಳುತ್ತೇವೆ? ‘ಇನ್ನೂ ಬಂದಿಲ್ಲ’. ‘ಇನ್ನೂ ಬರಲಿಲ್ಲ’ ಅಂದರೆ ನಮ್ಮ ಕಡೆ ಕಿವಿಗೆ ಒಗ್ಗುವುದಿಲ್ಲ. ಜಪಾನಿಯೂ ಅದನ್ನೇ ಮಾಡುತ್ತದೆ. ‘ದೆನ್ಶ ವ ಮೋ ಕಿಮಶಿತ ಕ?’ ಅಂತ ಪ್ರಶ್ನೆ. ಅದರಲ್ಲಿ ‘ಕಿಮಶಿತ’ ನಮ್ಮ ‘ಬಂತು’, ಕೊನೆಯ ‘ಕ’ ನಮ್ಮ ‘ಬಂತಾ’ದಲ್ಲಿರುವ ‘ಆ’. ಉತ್ತರ ‘ಈಯೆ, ಮದ ಕಿತೆ ಇಮಸೆನ್’. ಮದ ಅಂದರೆ ಇನ್ನೂ, ಕಿತೆ ಅಂದರೆ ಬಂದು, ಇಮಸೆನ್ ಅಂದರೆ ಇಲ್ಲ. ಇನ್ನೂ ಬಂದಿಲ್ಲ. ‘ಮದ ಕಿಮಸೆನ್ ದೆಶಿತ’ ಅಂತ ಹೇಳಿದರೆ ಅದು ‘ಇನ್ನೂ ಬರಲಿಲ್ಲ’, ಅಲ್ಲೂ ತಪ್ಪು. ಕಲಿಯುವವರು ತುಂಬಾ ಜನ ಈ ತಪ್ಪು ಉತ್ತರವನ್ನೇ ಹೇಳುತ್ತಾರೆ. ಪ್ರಶ್ನೆಯಲ್ಲಿ ಭೂತಕಾಲ ಇದೆ, ಉತ್ತರದಲ್ಲೂ ಭೂತಕಾಲ ಇರಬೇಕು ಅಂತ ತಲೆ ಲೆಕ್ಕ ಹಾಕುತ್ತದೆ.

ಪರೀಕ್ಷೆಯಲ್ಲಿ ಇದು ಬರುವ ಜಾಗ ಹೇಳುತ್ತೇನೆ. ಎನ್4ರಲ್ಲಿ ಮೊದಲು ಪದಗಳ ಭಾಗ 25 ನಿಮಿಷ, ಆಮೇಲೆ ವ್ಯಾಕರಣ ಮತ್ತು ಓದುವುದು 55 ನಿಮಿಷ, ಕೊನೆಗೆ ಕೇಳುವ ಭಾಗ 35 ನಿಮಿಷ. ಮಾತಾಡುವ ಪರೀಕ್ಷೆ ಇಲ್ಲವೇ ಇಲ್ಲ. ಹಾಗಾಗಿ ‘ಗುನುಗುವುದು’ ಅವಳಿಗೆ ನೇರ ಅಂಕ ತರುವುದಿಲ್ಲ. ಕೇಳುವ ಭಾಗದ ಕೊನೆಯಲ್ಲಿ ಒಂದು ಬಗೆಯ ಪ್ರಶ್ನೆ ಇದೆ. ಯಾರೋ ಒಂದು ಮಾತು ಹೇಳುತ್ತಾರೆ, ಆಮೇಲೆ ಮೂರು ಉತ್ತರ ಕೇಳಿಸುತ್ತದೆ, ಸರಿಯಾದದ್ದನ್ನು ಗುರುತು ಮಾಡಬೇಕು. ಕಾಗದದ ಮೇಲೆ ಏನೂ ಅಚ್ಚಾಗಿರುವುದಿಲ್ಲ, ಚಿತ್ರವೂ ಇಲ್ಲ. ಒಂದೇ ಸಲ ಹಾಕುತ್ತಾರೆ. ಉತ್ತರಕ್ಕೆ ಕೆಲವೇ ಸೆಕೆಂಡ್, ಅಷ್ಟರಲ್ಲಿ ಮುಂದಿನದು ಶುರು. ಇದಕ್ಕೆ ರೈಲಲ್ಲಿ ಮಾಡಬೇಕಾದ ಅಭ್ಯಾಸ ಬಹಳ ಸರಳ. ಪ್ರಶ್ನೆ ಕೇಳಿದ ಕೂಡಲೇ ಆಡಿಯೋ ನಿಲ್ಲಿಸಬೇಕು, ಉತ್ತರವನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬೇಕು, ಆಮೇಲೆ ಮುಂದಕ್ಕೆ ಬಿಡಬೇಕು. ನೋಡಿದವರಿಗೆ ಅವಳು ಸುಮ್ನೆ ನಿಂತು ಆಗಾಗ ಮೊಬೈಲ್ ಒತ್ತುತ್ತಿರುವ ಹಾಗೆ ಕಾಣುತ್ತದೆ. ಹೆಬ್ಬೆರಳೊಂದೇ ಅಲ್ಲಾಡುತ್ತದೆ. ಗುನುಗುವುದಕ್ಕಿಂತ ಈ ಹೆಬ್ಬೆರಳು ನಿಜಕ್ಕೆ ಹತ್ತಿರ.

ಪಾಸಾ ಫೇಲಾ ಅನ್ನುವ ಪ್ರಶ್ನೆಗೆ ಬರೋಣ. ಒಟ್ಟು ಅಂಕ 180, ಪಾಸಾಗಲು 90 ಬೇಕು. ಆದರೆ ಅದೊಂದೇ ಸಾಲದು. ಪದ, ವ್ಯಾಕರಣ, ಓದು ಸೇರಿ 120ಕ್ಕೆ ಕನಿಷ್ಠ 38, ಕೇಳುವುದರಲ್ಲಿ 60ಕ್ಕೆ ಕನಿಷ್ಠ 19 ಬರಲೇಬೇಕು. ಎರಡರಲ್ಲಿ ಒಂದು ಕಮ್ಮಿಯಾದರೂ ಫೇಲ್. ಸವಿತಾಗೆ ಮೊದಲನೆಯದರಲ್ಲಿ 79, ಕೇಳುವುದರಲ್ಲಿ 16 ಬಂತು ಅಂದುಕೊಳ್ಳಿ. ಒಟ್ಟು 95. ಬೇಕಾದ್ದಕ್ಕಿಂತ 5 ಜಾಸ್ತಿ. ಆದರೂ ಫೇಲ್. ಮನೆಯವರಿಗೆ ಇದನ್ನು ಹೇಗೆ ಹೇಳುವುದು? ‘95 ಬಂದದೆ, ಫೇಲು’ ಅಂದರೆ ಅವರಪ್ಪನಿಗೆ ಅರ್ಥವಾಗುತ್ತದಾ? ಇಲ್ಲಿ ನಿಮಗೆ ಒಂದು ಒಳ್ಳೆಯ ಸನ್ನಿವೇಶ ಸಿಗುತ್ತದೆ.

ದಿನಾ ಕಿವಿಯಲ್ಲೇ ಕಲಿತವಳು ಕಿವಿಯಲ್ಲೇ ಯಾಕೆ ಸೋಲಬೇಕು ಅಂತ ನೀವು ಕೇಳಬಹುದು. ಕಾರಣ ಆ ದಿನದಲ್ಲಿದೆ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಜುಲೈ ಮತ್ತು ಡಿಸೆಂಬರ್‌ನ ಮೊದಲ ಭಾನುವಾರ. ನಮ್ಮವರು ಬರೆಯುವುದು ಬೆಂಗಳೂರಿನಲ್ಲಿ. ಶನಿವಾರ ರಾತ್ರಿ ಡ್ಯೂಟಿ ಬದಲಾಯಿಸಿಕೊಳ್ಳಲು ಯಾರೂ ಒಪ್ಪಲಿಲ್ಲ ಅಂದರೆ, ಅವಳು ರಾತ್ರಿಯೆಲ್ಲ ಎದ್ದಿದ್ದು, ಮೈಸೂರಿನಿಂದ ನೇರ ಬೆಂಗಳೂರಿಗೆ ಹೋಗಬೇಕು. ರಾತ್ರಿ ಪಾಳಿ ಮುಗಿದ ಆ ಹೊತ್ತಿಗೆ ಜಪಾನಿಯಲ್ಲಿ ‘ಯಕಿನ್ ಅಕೆ’ ಅಂತ ಹೆಸರೇ ಇದೆ. ಯಕಿನ್ ಅಂದರೆ ರಾತ್ರಿ ಕೆಲಸ, ಅಕೆ ಅನ್ನುವುದು ಬೆಳಗಾಗುವುದು. ಪರೀಕ್ಷೆಯ ಮೊದಲೆರಡು ಭಾಗದಲ್ಲಿ ಕೈಯಲ್ಲಿ ಪೆನ್ಸಿಲ್ ಇರುತ್ತದೆ, ಕಣ್ಣ ಮುಂದೆ ಅಕ್ಷರ ಇರುತ್ತದೆ. ಒಂದು ಕ್ಷಣ ಮಂಪರು ಬಂದರೂ ತಿರುಗಿ ಆ ಸಾಲಿಗೆ ಬರಬಹುದು. ಕೇಳುವ ಭಾಗದಲ್ಲಿ ತಿರುಗಿ ಬರುವುದಕ್ಕೆ ಏನೂ ಇಲ್ಲ. ಮೂರು ಸೆಕೆಂಡ್ ಕಣ್ಣು ಮುಚ್ಚಿದರೆ ಒಂದು ಪ್ರಶ್ನೆ ಹೋಯಿತು. ಅದು ಕೊನೆಯಲ್ಲಿ ಬೇರೆ ಬರುತ್ತದೆ, ದೇಹ ಪೂರ್ತಿ ಸೋತಿರುವಾಗ. ಇನ್ನೊಂದು ಕಷ್ಟ, ಅವಳ ಕಿವಿ ಐದಾರು ತಿಂಗಳಿಂದ ಗದ್ದಲದಲ್ಲಿ ಜಪಾನಿ ಕೇಳಿ ಅಭ್ಯಾಸ ಆಗಿದೆ. ಬೆಳಗಿನ ರೈಲಲ್ಲಿ ಇಯರ್‌ಫೋನ್ ಹಾಕಿಕೊಂಡೇ ನಿದ್ದೆ ಮಾಡಿದ್ದಾಳೆ. ಜಪಾನಿ ದನಿ ಕೇಳಿದರೆ ಮಲಗುವುದು ದೇಹಕ್ಕೆ ರೂಢಿಯಾಗಿಬಿಟ್ಟಿದೆ. ನನ್ನ ವಿದ್ಯಾರ್ಥಿನಿಗೆ ಆದದ್ದು ಇದೇ. ಅವಳು ಮರುವರ್ಷ ಮಾಡಿದ್ದು ಎರಡೇ ಬದಲಾವಣೆ. ಬೆಳಗಿನ ರೈಲಲ್ಲಿ ಇಯರ್‌ಫೋನ್ ತೆಗೆದಿಟ್ಟು ಬರೀ ನಿದ್ದೆ ಮಾಡಿದಳು. ಪರೀಕ್ಷೆಗೆ ವಾರ ಮುಂಚೆ ರಜೆ ಹಾಕಿ ಹಗಲು ಎದ್ದಿರುವುದನ್ನು ರೂಢಿ ಮಾಡಿಕೊಂಡಳು.

ನಾನಾದರೆ ಮೊದಲ ಸಲ ಫೇಲ್ ಮಾಡಿಸುತ್ತೇನೆ, ಫಲಿತಾಂಶದ ತನಕ ಕಥೆ ಎಳೆಯುವುದಿಲ್ಲ. ಡಿಸೆಂಬರ್ ಪರೀಕ್ಷೆಯ ಫಲಿತಾಂಶ ಬರುವುದು ಜನವರಿ ಕೊನೆಗೆ. ಪ್ರಶ್ನೆಪತ್ರಿಕೆ ಮನೆಗೆ ಕೊಡುವುದಿಲ್ಲ, ಹಾಗಾಗಿ ಏನು ಬರೆದೆ ಅಂತ ತಾಳೆ ನೋಡುವುದಕ್ಕೂ ಆಗುವುದಿಲ್ಲ. ಅವಳ ಹತ್ತಿರ ಇರುವುದು ನೆನಪು ಮಾತ್ರ. ಆ ಭಾನುವಾರ ಸಂಜೆ ಬೆಂಗಳೂರಿನಿಂದ ವಾಪಸ್ ಬರುವ ರೈಲಿನಲ್ಲಿ ಕಥೆ ನಿಲ್ಲಿಸಬಹುದು. ಕೇಳುವ ಭಾಗದಲ್ಲಿ ‘ಮೋ ಕಿಮಶಿತ ಕ’ ಅನ್ನುವ ತನಕ ಕೇಳಿದ್ದು ನೆನಪಿದೆ. ಮೂರು ಉತ್ತರಗಳಲ್ಲಿ ಯಾವುದನ್ನು ಗುರುತು ಮಾಡಿದೆ ಅನ್ನುವುದು ನೆನಪಿಲ್ಲ. ಮದ್ದೂರು ದಾಟಿದೆ. ಇನ್ನೊಂದು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರೆ ಮಂಡ್ಯ ತಪ್ಪಿ ಮೈಸೂರೇ.

ಆಗ ಅವರವ್ವನ ಫೋನ್ ಬರಲಿ. ಮಗಳು ನಿದ್ದೆ ಮಾಡಿ ಸ್ಟೇಷನ್ ಬಿಟ್ಟುಬಿಡುತ್ತಾಳೆ ಅಂತ ದಿನಾ ಬೆಳಿಗ್ಗೆ ಮಾಡುವ ಫೋನ್, ಇವತ್ತು ಸಂಜೆ.

‘ಎದ್ದಿದ್ದೀಯೇನವ್ವ?’

‘ಎದ್ದಿವ್ನಿ ಕಣವ್ವ.’

‘ಮಂಡ್ಯ ಬಂತಾ?’

ಅವಳ ಕೈ ಮೊಬೈಲ್ ಮೇಲೇ ಇದೆ. ಉತ್ತರ ಕೊಡುವ ಮುಂಚೆ ಹೆಬ್ಬೆರಳು ತಾನಾಗೇ ಒತ್ತಲು ಹೋಗುತ್ತದೆ, ಆಡಿಯೋ ನಿಲ್ಲಿಸುವ ಹಾಗೆ. ಆಮೇಲೆ ಹೇಳುತ್ತಾಳೆ.

‘ಇನ್ನೂ ಬಂದಿಲ್ಲ.’